ಜಯರಾಮು ಮೇಷ್ಟ್ರ ವಾರದ ಫಲಿತಾಂಶ

"ನೂರಂತೆ ನೂರು! ನಿಮ್ಮ ನೂರಕ್ಕೆ ಬೆಂಕಿ ಬೀಳ!" ಯಶೋದ ಮೊಬೈಲನ್ನು ಗಂಡನ ಮೂಗಿಗೆ ತಾಗುವಂತೆ ಹಿಡಿದಳು. "ಓದಿ. ಕನ್ನಡದಾಗೇ ಐತಲ್ಲ, ಜೋರಾಗಿ ಓದಿ. ಬೀದಿಯೋರೂ ಕೇಳ್ಲಿ."

ಜಯರಾಮು ಓದಲಿಲ್ಲ. ಓದುವ ಅಗತ್ಯವೇನಿತ್ತು, ಆ ಇ-ಮೇಲಿನ ಒಂದೊಂದು ಅಕ್ಷರವನ್ನೂ ಕೂಡಿಸಿದವನು ಅವನೇ. ವಾರದ ಪ್ರಗತಿ ವರದಿ. ವಿದ್ಯಾರ್ಥಿ: ಕೆ. ಜಯರಾಮು. ವಿಷಯ: ಮದ್ಯಪಾನ ವರ್ಜನೆ. ಫಲಿತಾಂಶ: ಶೇಕಡಾ ನೂರು. ದರ್ಜೆ: ಡಿಸ್ಟಿಂಕ್ಷನ್.

"ಹೋದ ಸೋಮವಾರದಿಂದ ನಿನ್ನೆ ಗಂಟ ನೀವು ಒಂದು ದಿನ ನೆಟ್ಟಗೆ ನಿಂತಿದ್ದು ನಾನು ಕಾಣೆ. ಪಾವಗಡದ ಕ್ಯಾತಗಾನಚೆರ್ಲಿಂದ ನಿಮ್ಮನ್ನ ಗೂಡ್ಸ್ ಆಟೋದಾಗೆ ಮೇಕೆ ಪಕ್ಕ ಮಲಗಿಸ್ಕಂಡು ತಂದ್ರು. ಮೇಕೆಗಾದ್ರೂ ಮರ್ಯಾದೆ ಇತ್ತು, ಅದು ಎದ್ದು ನಿಂತಿತ್ತು. ಇದಕ್ಕೆ ನೂರು ಕೊಟ್ಟೋನು ಯಾವನು?"

"ನಾನು ಕೊಟ್ಟಿಲ್ಲ ಕಣೆ. ಶೀಟ್ ಕೊಟ್ಟಿದ್ದು."

"ಶೀಟಿಗೆ ಮೂಗಿಲ್ವಾ?"

ಇದು ಮಾತಿಗೆ ಬಂದ ಮಾತಾಗಿರಲಿಲ್ಲ. ಯಶೋದ ಆ ಮನೆಯಲ್ಲಿ ಇರುವುದೋ ಬಿಡುವುದೋ ಎಂಬುದೇ ಆ ಇ-ಮೇಲನ್ನು ಅವಲಂಬಿಸಿತ್ತು. ಬೇಸಿಗೆಯಲ್ಲಿ ಆಕೆ ಮಧುಗಿರಿಯ ಈ ಬಾಡಿಗೆ ಮನೆ ಬಿಟ್ಟು ತೋವಿನಕೆರೆಯ ತವರಿಗೆ ಹೋಗಿ ಕೂತಿದ್ದಳು. ಮಗಳು ತುಮಕೂರಿನ ಹಾಸ್ಟೆಲಿನಲ್ಲಿದ್ದುದರಿಂದ ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಜಯರಾಮು ಎರಡು ಸಲ ಹೋಗಿ ಕರೆದ. ಬರಲಿಲ್ಲ. ಮೂರನೇ ಸಲ ಹೋದಾಗ ಅತ್ತೆ ನಾಗಕ್ಕ, ಭಾಮೈದ ಶಿವರಾಜು ಇಬ್ಬರೂ ಕೂತಿದ್ದರು. "ಕುಡಿಯಲ್ಲ ಅಂತ ಆಣೆ ಇಡೋದು ಬ್ಯಾಡ. ಆಣೆ ಎಲ್ಲಾ ನೋಡಿಯಾಯ್ತು. ಕುಡೀಲಿಲ್ಲ ಅಂತ ನಮಗೆ ಗೊತ್ತಾಗೋದು ಹೆಂಗೆ, ಅದನ್ನ ಹೇಳಿ" ಎಂದಿದ್ದಳು ಯಶೋದ.

ಜಯರಾಮುವಿಗೆ ಅಲ್ಲೇ ಮಿಂಚು ಹೊಳೆಯಿತು. ದೊಡ್ಡೇರಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ಅವನು ಗಣಿತದ ಮೇಷ್ಟ್ರು. ಕಂಪ್ಯೂಟರ್ ಬಲ್ಲವನು ಅವನೊಬ್ಬನೇ ಆದ್ದರಿಂದ ಇಡೀ ಶಾಲೆಯ ಹಾಜರಾತಿ, ಅಂಕಪಟ್ಟಿ, ಫಲಿತಾಂಶ ವಿಶ್ಲೇಷಣೆ ಎಲ್ಲವೂ ಅವನ ಬೆರಳಿನಲ್ಲಿ. ಕುಡಿದಿದ್ದರೂ ಅಂಕಪಟ್ಟಿಯಲ್ಲಿ ಒಂದು ತಪ್ಪು ಬಾರದು ಎಂದು ಹೆಸರು ಮಾಡಿದ್ದ. ಕುಡಿಯದೆ ಇದ್ದರೆ ಹೇಗೆ ಎಂದು ಯಾರಿಗೂ ಪರೀಕ್ಷಿಸಲು ಅವಕಾಶ ಸಿಕ್ಕಿರಲಿಲ್ಲ.

"ಗೂಗಲ್ ಶೀಟ್ ಮಾಡ್ತೀನಿ" ಎಂದ. "ದಿನಾ ರಾತ್ರಿ ಒಂದು ಚೌಕ ತುಂಬ್ತೀನಿ. ಕುಡೀದಿದ್ರೆ ಒಂದು, ಕುಡಿದ್ರೆ ಸೊನ್ನೆ. ಅದಕ್ಕೊಂದು ಸ್ಕ್ರಿಪ್ಟ್ ಬರೆದು ಟೈಮ್ ಕಟ್ಟಿಡ್ತೀನಿ. ಸೋಮವಾರ ಬೆಳಿಗ್ಗೆ ಆರರಿಂದ ಏಳರೊಳಗೆ ಅದು ತಾನಾಗೇ ಎದ್ದು, ಹಿಂದಿನ ಸೋಮವಾರದಿಂದ ಭಾನುವಾರದವರೆಗಿನ ಲೆಕ್ಕ ತೆಗೆದು ನಿಮ್ಮೆಲ್ರಿಗೂ ಮೇಲ್ ಕಳಿಸುತ್ತೆ. ನಾನು ಕಳಿಸಬೇಕಾಗಿಲ್ಲ, ತಡೀಬೇಕು ಅಂದ್ರೂ ನೆನಪಿರಲ್ಲ. ನನ್ನ ಮೊಬೈಲು ಆಫ್ ಆಗಿದ್ರೂ ಹೋಗುತ್ತೆ."

ಶಿರಾದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಶಿವರಾಜು ಬಾಯಿ ಬಿಟ್ಟುಕೊಂಡು ಕೇಳಿದ. "ನೋಡಕ್ಕಾ, ಭಾವ ಮನಸು ಮಾಡಿದ್ರೆ ಹೆಂಗೆ!" ಎಂದ. ನಾಗಕ್ಕನಿಗೆ ಅರ್ಥವಾಗಿದ್ದು ಒಂದೇ: ಅಳಿಯನಿಗೆ ಇನ್ನು ವಾರವಾರವೂ ಪರೀಕ್ಷೆ. "ಓದಿರೋ ಮನುಷ್ಯ ಕಣಮ್ಮ. ಹೋಗು" ಎಂದು ಮಗಳ ಬ್ಯಾಗು ತಾನೇ ತುಂಬಿದಳು.

ಶೀಟ್ ಶುರುವಾಗಿದ್ದು ಶ್ರಾವಣದ ಮೊದಲ ದಿನ. ಇದನ್ನು ಜಯರಾಮು ಒಳ್ಳೆಯ ಮುಹೂರ್ತವೆಂದು ಆರಿಸಿದ. ಯಾರೂ ಗಮನಿಸದಿದ್ದ ಸಂಗತಿ ಏನೆಂದರೆ, ಅವರ ಕಡೆ ಗಂಡಸರು ಶ್ರಾವಣದಲ್ಲಿ ಹೇಗೂ ಮುಟ್ಟುವುದಿಲ್ಲ. ಬಾಡೂಟವಿಲ್ಲ, ಬಾಟಲಿ ಇಲ್ಲ. ವರ್ಷವಿಡೀ ಚರಂಡಿಯ ಪಕ್ಕ ಸಿಗುವವನೂ ಆ ತಿಂಗಳು ಸ್ನಾನ ಮಾಡಿ ವಿಭೂತಿ ಬಳಿದುಕೊಂಡು ಉಳಿದವರಿಗೆ ಬುದ್ಧಿ ಹೇಳುತ್ತಾನೆ. ಹೀಗೆ ಶ್ರಾವಣ ಮಾಡಿದ ಕೆಲಸದ ಕೀರ್ತಿ ಶೀಟಿಗೆ ಹೋಯಿತು. ಪ್ರತಿ ಸೋಮವಾರ ನೂರು. ಪ್ರತಿ ಸೋಮವಾರ ಡಿಸ್ಟಿಂಕ್ಷನ್. ಶಿವರಾಜು ಇ-ಮೇಲಿನ ಚಿತ್ರ ತೆಗೆದು ಮನೆತನದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ನಾಗಕ್ಕ ಬೀದಿಯಲ್ಲಿ "ನಮ್ಮ ಅಳಿಯಂದ್ರು ಈ ವಾರಾನೂ ಫಸ್ಟು" ಎನ್ನುತ್ತಿದ್ದಳು. ಯಾವುದರಲ್ಲಿ ಫಸ್ಟು ಎಂದು ಯಾರಾದರೂ ಕೇಳಿದರೆ ಮಾತ್ರ ಅವಳಿಗೆ ಬೇರೆ ಕೆಲಸ ನೆನಪಾಗುತ್ತಿತ್ತು.

ಜಯರಾಮು ಉಬ್ಬಿದ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳಿಗೆ ಶೀಟ್ ತೋರಿಸಿದ. ಒಂದು ಬಿದ್ದ ಚೌಕ ಹಸಿರು, ಸೊನ್ನೆ ಬಿದ್ದರೆ ಕೆಂಪು. "ಇದರಾಗೆ ಕೆಂಪೇ ಇಲ್ವಲ್ಲ ಸಾರ್?" ಎಂದು ಡ್ರಾಯಿಂಗ್ ಮೇಷ್ಟ್ರು ಕೇಳಿದಾಗ, "ಬರೋದೂ ಇಲ್ಲ" ಎಂದ. ಅದೊಂದು ಮಾತನ್ನು ಅವನು ಕೊನೆಯವರೆಗೂ ಉಳಿಸಿಕೊಂಡ. ಕೆಂಪು ಬರಲೇ ಇಲ್ಲ.

ಶ್ರಾವಣ ಮುಗಿಯಿತು. ಗಣೇಶನನ್ನು ಕೆರೆಗೆ ಬಿಟ್ಟ ದಿನ ಜಯರಾಮು ಕುಡಿದ. ಮನೆಗೆ ಬಂದವನು ಶೀಟ್ ತೆರೆಯಲಿಲ್ಲ. ತೆರೆಯುವ ಸ್ಥಿತಿಯಲ್ಲಿ ಇರಲಿಲ್ಲ ಎಂಬುದು ಒಂದು. ಬೆಳಿಗ್ಗೆ ಎದ್ದಾಗ ಅದು ನಿನ್ನೆಯ ಚೌಕ, ಹಿಂದಿನ ದಿನದ ಹಾಜರಾತಿ ತಿದ್ದುವುದು ಸರ್ಕಾರಿ ಶಿಸ್ತಿಗೆ ಸಲ್ಲದು ಎಂಬುದು ಇನ್ನೊಂದು. ಚೌಕ ಖಾಲಿ ಉಳಿಯಿತು. ಸೋಮವಾರ ಹೆದರುತ್ತಲೇ ಮೇಲ್ ತೆರೆದರೆ, ನೂರು!

ಒಂದು ಕ್ಷಣ ಅವನಿಗೂ ಬೆರಗಾಯಿತು. ಆಮೇಲೆ ಹೊಳೆಯಿತು. ಸರಾಸರಿ ತೆಗೆಯುವ ಸೂತ್ರ ಖಾಲಿ ಚೌಕವನ್ನು ಎಣಿಸುವುದೇ ಇಲ್ಲ. ಆರು ದಿನ ತುಂಬಿದ್ದರೆ ಆರರಿಂದ ಭಾಗಿಸುತ್ತದೆ, ಎರಡು ತುಂಬಿದ್ದರೆ ಎರಡರಿಂದ. ಸೊನ್ನೆ ಬರೆದರೆ ಮಾತ್ರ ಶಿಕ್ಷೆ, ಬರೆಯದಿದ್ದರೆ ಆ ದಿನ ಭೂಮಿಯ ಮೇಲೆ ಇರಲೇ ಇಲ್ಲ. ಗಣಿತದ ಮೇಷ್ಟ್ರಿಗೆ ಇದು ತಪ್ಪೆಂದು ಕಾಣಬೇಕಿತ್ತು. ಕಂಡಿದ್ದು ನ್ಯಾಯವೆಂದು.

ಅಲ್ಲಿಂದ ಅವನ ಪ್ರಾಮಾಣಿಕತೆಯನ್ನು ನೋಡಬೇಕು. ಕುಡಿದ ದಿನ ಒಂದು ಎಂದು ಸುಳ್ಳು ಬರೆದವನಲ್ಲ. ಬೆರಳು ಕತ್ತರಿಸಿದರೂ ಬರೆಯುವವನಲ್ಲ. ಖಾಲಿ ಬಿಡುತ್ತಿದ್ದ, ಅಷ್ಟೇ. ವಾರಕ್ಕೊಂದು ಖಾಲಿ ಎರಡಾಯಿತು, ಎರಡು ನಾಲ್ಕಾಯಿತು. ಆ ಸೋಮವಾರಗಳಂದು ಅವನು ಜಗಲಿಯ ಮೇಲೆ ಒಂದೇ ಚಪ್ಪಲಿಯಲ್ಲಿ ಗೊರಕೆ ಹೊಡೆಯುತ್ತಿರುವಾಗಲೇ, ಎಲ್ಲೋ ಇರುವ ಗೂಗಲ್ಲಿನ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟ್ ಹೇಳಿದ ಹೊತ್ತಿಗೆ ಎದ್ದು, ವಿದ್ಯಾರ್ಥಿ ಜಯರಾಮು ಡಿಸ್ಟಿಂಕ್ಷನ್ ಪಡೆದಿರುತ್ತಾನೆಂದು ಮೂರು ಊರಿಗೆ ಸಾರಿಬಿಡುತ್ತಿತ್ತು. ಯಶೋದ ಒಂದು ಕೈಯಲ್ಲಿ ವಾಂತಿ ತೊಳೆಯುವ ಬಕೆಟ್ಟು, ಇನ್ನೊಂದರಲ್ಲಿ ಮೊಬೈಲು ಹಿಡಿದು ಅದನ್ನು ಓದುತ್ತಿದ್ದಳು. ತವರಿಗೆ ಫೋನ್ ಮಾಡಿ "ಕುಡೀತಾ ಅವ್ರೆ" ಎಂದರೆ, "ನೂರು ಬಂದೈತಲ್ಲಕ್ಕಾ?" ಎನ್ನುತ್ತಿದ್ದ ಶಿವರಾಜು. ಕಣ್ಣಾರೆ ಕಂಡವಳ ಮಾತಿಗಿಂತ ಕಂಪ್ಯೂಟರ್ ಹೇಳಿದ್ದು ಹೆಚ್ಚಾಯಿತು.

ಆಮೇಲೆ ಪಿತೃಪಕ್ಷದ ಕೊನೆಯ ವಾರ ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವ ಪದ್ಧತಿ. ಜಯರಾಮುವಿನ ಅಪ್ಪನಿಗೆ ಇಷ್ಟವಾದದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಒಬ್ಬೊಬ್ಬ ನೆಂಟರ ಮನೆಯಲ್ಲಿ ಒಂದೊಂದು ದಿನ ಹಬ್ಬ. ಶಿರಾದ ಕಡೆ ಎರಡು ಮನೆ, ಕೊರಟಗೆರೆಯಲ್ಲಿ ಒಂದು, ಪಾವಗಡದ ಕಡೆ ಚಿಕ್ಕಪ್ಪಂದಿರ ಸಾಲುಮನೆ. ಜಯರಾಮು ರಜೆ ಹಾಕಿ ಎಲ್ಲ ಹಿರಿಯರಿಗೂ ಸಲ್ಲಬೇಕಾದ ಗೌರವ ಸಲ್ಲಿಸಿ ಬಂದ. ಆ ವಾರ ಒಂದು ಚೌಕವೂ ತುಂಬಲಿಲ್ಲ. ಸೋಮವಾರದ ಇ-ಮೇಲಿನಲ್ಲಿ ಅಂಕ ಇರಬೇಕಾದ ಕಡೆ ಇಂಗ್ಲಿಷಿನ ಮೂರು ಅಕ್ಷರ, ಒಂದು ಗೀಟು, ಒಂದು ಸೊನ್ನೆ, ಕೊನೆಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಬಂತು. ತುಂಬಿದ ಚೌಕವೇ ಇಲ್ಲದೆ ಸೊನ್ನೆಯಿಂದ ಭಾಗಿಸಬೇಕಾಗಿ ಬಂದಾಗ ಶೀಟ್ ಕೈಯೆತ್ತುವುದು ಹೀಗೆ.

ಶಿವರಾಜು ಕೂಡಲೇ ಫೋನ್ ಮಾಡಿದ್ದ. "ಭಾವ, ಏನೋ ವಿಚಿತ್ರ ಬಂದೈತೆ. ರಿಸಲ್ಟ್ ತಡೆಹಿಡಿದವ್ರಾ?"

ತಲೆ ಸಿಡಿಯುತ್ತಿದ್ದ ಜಯರಾಮು ಎದ್ದು ಕೂತು ಸೂತ್ರಕ್ಕೆ ಇನ್ನೊಂದು ಸೂತ್ರವನ್ನು ಹೊದಿಸಿದ: ಲೆಕ್ಕದಲ್ಲಿ ದೋಷ ಬಂದರೆ ದೋಷವನ್ನು ತೋರಿಸಬೇಡ, ಅದರ ಬದಲು ನೂರು ಎಂದು ತೋರಿಸು. ಸ್ಕ್ರಿಪ್ಟನ್ನು ಕೈಯಿಂದಲೇ ಇನ್ನೊಮ್ಮೆ ಓಡಿಸಿದ. ಸರಿಪಡಿಸಿದ ಮೇಲ್ ಹೋಯಿತು. ಯಶೋದ ಈಗ ಅವನ ಮೂಗಿಗೆ ಹಿಡಿದಿದ್ದು ಅದನ್ನೇ.

"ಶೀಟಿಗೆ ಮೂಗಿಲ್ಲ, ಸರಿ. ನಿಮಗೆ ಮಾನ ಇಲ್ವಾ?" ಎಂದಳು. ಆಕೆ ಕೊರಟಗೆರೆಯ ಖಾಸಗಿ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸಕ್ಕಿದ್ದಳು. ಬಸ್ಸಿಗೆ ಹೊತ್ತಾಗಿತ್ತು, ಆದರೂ ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಶೀಟ್ ತೆರೆದಳು. "ಈ ಚೌಕ ಯಾಕೆ ಖಾಲಿ ಅವೆ? ಏಳೂ ಖಾಲಿ."

"ಗೈರುಹಾಜರಿ ಕಣೆ. ಪರೀಕ್ಷೆಗೆ ಬರ್ದೇ ಇರೋ ಹುಡುಗನಿಗೆ ನಾವು ಸೊನ್ನೆ ಕೊಡ್ತೀವಾ? ಗೈರು ಅಂತ ಹಾಕ್ತೀವಿ. ಸೊನ್ನೆ ಬೇರೆ, ಗೈರು ಬೇರೆ."

"ಗೈರಾದೋನಿಗೆ ನೂರು ಕೊಡ್ತೀರಾ?"

"ಅದು ತಾತ್ಕಾಲಿಕ ವ್ಯವಸ್ಥೆ."

ಯಶೋದ ಮತ್ತೆ ಕೂಗಾಡಲಿಲ್ಲ. ಅವನಿಗೆ ಸಮಾಧಾನವಾಯಿತು. ಹೆಂಡತಿ ಕೂಗಾಡುವುದನ್ನು ನಿಲ್ಲಿಸಿದಾಗ ಸಮಾಧಾನಪಡುವ ಗಂಡಸರ ಜಾತಿಗೆ ಸೇರಿದವನು ಅವನು. ಆಕೆ ಲ್ಯಾಬಿನಿಂದಲೇ ತಮ್ಮನಿಗೆ ಫೋನ್ ಮಾಡಿ, ಭಾನುವಾರ ಅವ್ವನನ್ನು ಕರಕೊಂಡು ಬಾ, ಅವರ ಕಡೆಯಿಂದಲೂ ಒಬ್ಬರು ಬರಲಿ ಎಂದಳು. ಹಾಗೆ ಪಾವಗಡದ ಕಡೆಯಿಂದ ಜಯರಾಮುವಿನ ಚಿಕ್ಕಪ್ಪ ಕ್ಯಾತಣ್ಣನೂ ಬಂದ. ಜಮೀನನ್ನು ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟ ಮೇಲೆ ನ್ಯಾಯ ಹೇಳುವುದಕ್ಕೆ ಅವನಿಗೆ ಬೇಕಾದಷ್ಟು ಬಿಡುವಿತ್ತು.

ಭಾನುವಾರ ನಾಲ್ವರೂ ಚಾಪೆಯ ಮೇಲೆ ಕೂತರು. ಯಶೋದ ಕೂರಲಿಲ್ಲ. ಗೋಡೆಗೆ ಒರಗಿ ನಿಂತು, ಖಾಲಿ ಚೌಕದ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ಶಿವರಾಜು ಮೊಬೈಲಿನಲ್ಲಿ ಶೀಟ್ ತೆರೆದು ನೋಡಿ, "ಹೌದಲ್ಲ ಭಾವ, ಶ್ರಾವಣ ಆದ್ಮೇಲೆ ಬರೀ ತೂತು!" ಎಂದ.

"ಏಮ್ ರಾ ಇದು ಜಯರಾಮು?" ಎಂದು ಕ್ಯಾತಣ್ಣ ಪಾವಗಡದ ತೆಲುಗು ಬೆರೆಸಿ ಗದರಿದ. ಅವನ ಮನೆಯಲ್ಲಿ ಎಡೆಗಿಟ್ಟ ಬಾಟಲಿಯನ್ನೇ ಇಬ್ಬರೂ ಕೂತು ಮುಗಿಸಿದ್ದರೂ ಈಗ ಅವನು ಹಿರಿಯ.

"ನಾನು ಸುಳ್ಳು ಬರೆದಿದ್ರೆ ತೋರಿಸಿ ಚಿಕ್ಕಪ್ಪ" ಎಂದು ಜಯರಾಮು ಎದೆ ಮುಂದೆ ಮಾಡಿದ. "ಒಂದೇ ಒಂದು ಸುಳ್ಳು."

"ಜಗಳ ಬ್ಯಾಡ" ಎಂದಳು ಯಶೋದ. "ನಂದು ಒಂದೇ ಮಾತು. ಖಾಲಿ ಬಿಟ್ಟ ದಿನ ಕುಡಿದ ದಿನ ಅಂತ ಲೆಕ್ಕ ಆಗ್ಬೇಕು. ಅಂಗೆ ಸೂತ್ರ ಬದಲಾಯಿಸ್ಲಿ. ಒಂದು ವಾರ ನೋಡ್ತೀನಿ. ನಿಜ ಏನೈತೋ ಅದು ನಿಮ್ಮ ಮೊಬೈಲಿಗೆ ಬರ್ಲಿ. ನನ್ನ ಬಾಯಿನ ಮಾತಂತೂ ನೀವು ಯಾರೂ ನಂಬಲ್ಲ, ಮಿಷನ್ನಿನ ಬಾಯಾದ್ರೂ ನಂಬ್ತೀರಲ್ಲ. ನಿಜ ಗೊತ್ತಾದ್ಮೇಲೆ ನೀವೇ ಹೇಳಿ, ನಾನು ಇರ್ಬೇಕಾ ಬ್ಯಾಡ್ವಾ ಅಂತ."

ನಾಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನ್ಯಾಯವಾದ ಮಾತು ಕಣಪ್ಪಾ ಅಳಿಯಪ್ಪ" ಎಂದಳು.

ಜಯರಾಮು ಎಲ್ಲರೆದುರಿಗೆ ಲ್ಯಾಪ್‌ಟಾಪ್ ತೆರೆದ. ಸರಾಸರಿ ಸೂತ್ರ, ಅದರ ಮೇಲೆ ಹೊದಿಸಿದ್ದ ನೂರರ ಕಂಬಳಿ ಎರಡನ್ನೂ ಅಳಿಸಿದ. ಏಳು ಚೌಕದಲ್ಲಿರುವುದನ್ನು ಕೂಡು, ಎಷ್ಟೇ ಖಾಲಿ ಇರಲಿ ಏಳರಿಂದಲೇ ಭಾಗಿಸು ಎಂದು ಬರೆದ. ಇನ್ನು ಖಾಲಿಗೂ ಸೊನ್ನೆಗೂ ವ್ಯತ್ಯಾಸವಿಲ್ಲ. ಶಿವರಾಜು ಇಣುಕಿ ನೋಡಿ, ಸರಿಯಾಗೈತೆ ಎಂದ. ಬರುವ ಸೋಮವಾರವಲ್ಲದೆ ಅದರಾಚೆಯ ಸೋಮವಾರ, ಈ ಹೊಸ ಸೂತ್ರದಡಿ ಇಡೀ ಒಂದು ವಾರ ಕಳೆದ ಮೇಲೆ, ಎಲ್ಲರೂ ಇಲ್ಲೇ ಸೇರಿ ಮೇಲ್ ನೋಡುವುದೆಂದು ಕ್ಯಾತಣ್ಣ ತೀರ್ಪು ಕೊಟ್ಟ.

ಆ ವಾರ ಜಯರಾಮು ನಿಜವಾಗಿಯೂ ಕಷ್ಟಪಟ್ಟ, ಅದನ್ನು ಇಲ್ಲವೆನ್ನಬಾರದು. ಸೋಮವಾರ, ಮಂಗಳವಾರ ಶಾಲೆ ಬಿಟ್ಟ ಕೂಡಲೇ ಮನೆಗೆ ಬಂದು ಸೊಸೈಟಿ ಅಕ್ಕಿ ಆರಿಸುತ್ತ ಕೂತ. ಯಶೋದ ಮುದ್ದೆ ಬಡಿಸಿದಳು. ಎರಡನೇ ದಿನ ಮುದ್ದೆಯ ಮೇಲೆ ತುಪ್ಪ ಬಿತ್ತು. ಬುಧವಾರ ಯಾರೋ ಹಳೆಯ ಶಿಷ್ಯ ಸಿಕ್ಕಿದ. ಹಳೆಯ ಶಿಷ್ಯ ಗೌರವದಿಂದ ಕರೆದರೆ ಗುರುವಾದವನು ಏನು ಮಾಡಬೇಕು? ಗುರುವಾರ ಬುಧವಾರದ ತಲೆನೋವಿಗೆ ಔಷಧವಾಯಿತು. ಶುಕ್ರವಾರ ಕುಡಿಯಲಿಲ್ಲ, ಜ್ವರ ಬಂದಿತ್ತು. ಶನಿವಾರ ಅರ್ಧ ದಿನ ಶಾಲೆ. ಭಾನುವಾರ ಸಂಜೆ ಅತ್ತೆ, ಭಾಮೈದ, ಚಿಕ್ಕಪ್ಪ ಬಂದಿಳಿಯುವ ಹೊತ್ತಿಗೆ ಅವನು ಮನೆಯಲ್ಲಿರಲಿಲ್ಲ. ಅವರೆಲ್ಲ ಉಂಡು ಕೂತಿದ್ದಾಗ ಗೋಡೆ ಹಿಡಿದುಕೊಂಡು ಬಂದವನು, ಚಿಕ್ಕಪ್ಪನ ಕಾಲಿಗೆ ಬೀಳಲು ಹೋಗಿ ಅಲ್ಲೇ ಮಲಗಿದ. ಚೌಕಗಳಲ್ಲಿ ಅವನು ಏನನ್ನೂ ತಿದ್ದಲಿಲ್ಲ. ಕುಡಿಯದ ದಿನಕ್ಕೆ ಒಂದು, ಉಳಿದದ್ದು ಖಾಲಿ. ಸತ್ಯವಂತ.

ಬೆಳಿಗ್ಗೆ ಅವನು ಎದ್ದಾಗ ಎಲ್ಲರೂ ಶಿವರಾಜುವಿನ ಸುತ್ತ ಕೂತಿದ್ದರು. ಯಶೋದ ಲ್ಯಾಬಿಗೆ ಹೊರಡುವ ಸೀರೆಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳಿನಿಂದ ಇಲ್ಲದ ಒಂದು ನಿರಾಳವಿತ್ತು. ಇವತ್ತು ಅವಳು ಬಾಯಿ ಬಿಡಬೇಕಾಗಿಲ್ಲ. ಜಯರಾಮು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದ. ಈ ಸಲ ಮುಗಿಯಿತು ಎಂದು ಅವನಿಗೂ ಗೊತ್ತಿತ್ತು.

ಮೊಬೈಲ್ ಸದ್ದಾಯಿತು.

"ಬಂತು" ಎಂದ ಶಿವರಾಜು. ಗಂಟಲು ಸರಿಮಾಡಿಕೊಂಡು ಓದಿದ. "ವಿದ್ಯಾರ್ಥಿ ಕೆ. ಜಯರಾಮು. ವಿಷಯ ಮದ್ಯಪಾನ ವರ್ಜನೆ. ಫಲಿತಾಂಶ ಶೇಕಡಾ ನಲವತ್ಮೂರು." ಮುಂದಿನ ಸಾಲು ನೋಡಿ ಅವನ ಮುಖ ಅರಳಿತು. "ದರ್ಜೆ: ಉತ್ತೀರ್ಣ."

"ಅಂದ್ರೆ?" ಎಂದಳು ನಾಗಕ್ಕ.

"ಪಾಸು ಕಣವ್ವಾ! ಮೂವತ್ತೈದರ ಮೇಲೆ ಪಾಸಲ್ವಾ!"

"ಪಾಸ್ ಅಯ್ಯಿಂದಿ ಕದಾ!" ಕ್ಯಾತಣ್ಣ ತೊಡೆ ತಟ್ಟಿದ. "ನಾನು ಹೇಳ್ಲಿಲ್ವಾ, ನಮ್ಮ ಮನೆತನದಾಗೆ ಫೇಲಾದೋನು ಇಲ್ಲ. ನಾನೊಬ್ನೇ."

ಜಯರಾಮು ಮೆಲ್ಲಗೆ ಎದ್ದು ಕೂತ. ದರ್ಜೆ ಕೊಡುವ ಸಾಲುಗಳನ್ನು ಶಾಲೆಯ ಫಲಿತಾಂಶದ ಶೀಟಿನಿಂದ ಹಾಗೇ ಎತ್ತಿ ಹಾಕಿದ್ದು ಅವನಿಗೇ ಮರೆತಿತ್ತು. ಹತ್ತನೇ ತರಗತಿಯ ಮಕ್ಕಳನ್ನು ದಡ ಸೇರಿಸುವ ಮೂವತ್ತೈದು ಈಗ ಅವನನ್ನೂ ಸೇರಿಸಿತ್ತು. ಶ್ರಮಪಟ್ಟು ಓದಿ ಪಾಸಾದ ಹುಡುಗನ ಕಳೆ ಅವನ ಮುಖಕ್ಕೆ ಬಂತು.

"ಹೊಸ ಸೂತ್ರದಾಗೆ ಪಾಸು ಕಣೆ" ಎಂದ ಹೆಂಡತಿಗೆ. "ಕಟ್ಟುನಿಟ್ಟಾಗಿ ತಿದ್ದಿದ ಮೇಲೂ ಪಾಸು."

ಯಶೋದ ತಾಯಿಯನ್ನು ನೋಡಿದಳು. "ಅವ್ವ, ಏಳು ದಿನದಾಗೆ ನಾಕು ದಿನ ಕುಡಿದವ್ರೆ. ನಿನ್ನೆ ನೀನೇ ನೋಡ್ದೆ. ನಿನ್ನ ಕಣ್ಮುಂದೇ ಬಿದ್ದಿದ್ರು."

"ನೋಡ್ದೆ ಕಣಮ್ಮ. ಆದ್ರೂ ಪಾಸಾಗವ್ರಲ್ಲ" ಎಂದಳು ನಾಗಕ್ಕ. "ನಮ್ಮ ಶಿವರಾಜು ಎಸ್ಸೆಸ್ಸೆಲ್ಸಿ ಮೂರು ಸಲ ಕಟ್ಟಿ ಮೂವತ್ತಾರು ತಗಂಡ. ಇವ್ರು ಅವನಿಗಿಂತ ಮೇಲು."

"ಅವ್ವ, ಅದ್ಯಾಕೀಗ?" ಎಂದ ಶಿವರಾಜು.

"ಶಿವರಾಜು, ನೀನು ಹೇಳು. ನಿಜ ಗೊತ್ತಾಯ್ತಲ್ಲ. ನಾನು ಇರ್ಬೇಕಾ?"

ಶಿವರಾಜು ಮೊಬೈಲನ್ನು ಇನ್ನೊಮ್ಮೆ ನೋಡಿದ, ಅದರಲ್ಲೇ ಉತ್ತರವಿರುವಂತೆ. "ಸುಧಾರಿಸ್ತಾ ಅವ್ರೆ ಅಕ್ಕ. ಒಂದೇ ಸಲಕ್ಕೆ ನೂರು ಯಾರು ತಗೀತಾರೆ? ಮುಂದಿನ ವಾರ ನೋಡಾಣ."

"ಇನ್ನೊಂದು ವಾರ ನೋಡಮ್ಮ" ಎಂದ ಕ್ಯಾತಣ್ಣ. "ಈಗ ಉಪ್ಪಿಟ್ಟು ಹಾಕು, ಹೊಟ್ಟೆ ಹಸೀತೈತೆ."

ಯಶೋದ ಉಪ್ಪಿಟ್ಟಿನ ಪಾತ್ರೆ ತಂದು ಅವರ ನಡುವೆ ಇಟ್ಟಳು. ಸೌಟನ್ನೂ ಇಟ್ಟಳು. ಬಡಿಸಲಿಲ್ಲ. ಒಳಗೆ ಹೋಗಿ ಬಂದವಳ ಕೈಯಲ್ಲಿ ದಿನಾ ಒಯ್ಯುವ ಬ್ಯಾಗಿನ ಜೊತೆ ಇನ್ನೊಂದು ಬ್ಯಾಗೂ ಇತ್ತು. ಅದು ತುಂಬಿತ್ತು. ತುಂಬಿದ್ದು ಯಾವಾಗಲೋ, ಕೂತವರಲ್ಲಿ ಯಾರೂ ನೋಡಿರಲಿಲ್ಲ.

"ತೋವಿನಕೆರೆಗೆ ಬರೋದಾದ್ರೆ ನಾವೂ ಸಂಜೆ ಬಸ್ಸಿಗೆ ಹೊರಡ್ತೀವಿ, ಇರಕ್ಕಾ" ಎಂದ ಶಿವರಾಜು.

"ನಿಮ್ಮ ಮನೆಗೂ ಬರಲ್ಲ. ಕೊರಟಗೆರೆಯಾಗೆ ರಾಧಾಮಣಿ ಮನೆ ಮೇಲೆ ರೂಮು ಐತೆ" ಎಂದಳು. ರಾಧಾಮಣಿ ಲ್ಯಾಬಿನಲ್ಲಿ ಅವಳ ಜೊತೆ ಕೆಲಸ ಮಾಡುವವಳು. "ಅವಳಿಗೆ ಮೇಲ್ ಓದೋ ಚಟ ಇಲ್ಲ."

ಚಪ್ಪಲಿ ಮೆಟ್ಟಿದಳು. ಜಯರಾಮು ಬಾಗಿಲ ತನಕ ಬಂದ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಪಾಸಾದ ದಿನವೇ ಯಾರಾದರೂ ಬಿಟ್ಟುಹೋಗುತ್ತಾರೆಯೇ?

"ಮುಂದಿನ ವಾರ ಫಸ್ಟ್ ಕ್ಲಾಸ್ ತಗೀತೀನಿ ಕಣೆ! ಬರೆದು ಕೊಡ್ತೀನಿ ಬೇಕಾದ್ರೆ!" ಎಂದು ಅವಳ ಬೆನ್ನಿಗೆ ಕೂಗಿದ.

ಅವಳು ತಿರುಗಲಿಲ್ಲ. ಬೀದಿಯ ತಿರುವಿನಲ್ಲಿ ಬ್ಯಾಗನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಸಂಜೆ ಬರುತ್ತಾಳೆ ಎಂದ ಕ್ಯಾತಣ್ಣ, ಉಪ್ಪಿಟ್ಟು ಬಡಿಸಿಕೊಳ್ಳುತ್ತ. ಬರಲಿಲ್ಲ. ಆ ವಾರವೂ ಬರಲಿಲ್ಲ, ಮುಂದೆಂದೂ ಬರಲಿಲ್ಲ.